ನಿಮ್ಮ ಹೆಸರಿನಲ್ಲಿ ಇನ್ನೊಬ್ಬರು

(ಹೊಸ ಸಿಬ್ಬಂದಿಯ ತರಬೇತಿಗೆಂದು ಸಿದ್ಧಪಡಿಸಿದ ಮಾತು)

ಇವತ್ತು ಬೆಳಿಗ್ಗೆ ನಿಮ್ಮ ಕೈಗೆ ಒಂದು ಯೂಸರ್ ಐಡಿ ಮತ್ತು ಒಂದು ತಾತ್ಕಾಲಿಕ ಪಾಸ್‌ವರ್ಡ್ ಬಂದಿದೆ. ಅದರ ಜೊತೆಗೆ ನೀವು ಸಹಿ ಮಾಡಿಕೊಟ್ಟ ಕಾಗದದಲ್ಲಿ ಪಾಸ್‌ವರ್ಡನ್ನು ಯಾರಿಗೂ ತಿಳಿಸಕೂಡದು ಎಂಬ ಸಾಲೂ ಇದೆ. ಬಹುಶಃ ಮುಂದಿನ ವಾರವೇ ಆ ಸಾಲಿಗೆ ಪರೀಕ್ಷೆ ಬರುತ್ತದೆ. ನಿಮ್ಮ ಮೇಲಧಿಕಾರಿ ಬಸ್ಸಿನಲ್ಲೋ ಆಸ್ಪತ್ರೆಯಲ್ಲೋ ಇದ್ದುಕೊಂಡು ಫೋನ್ ಮಾಡಿ, "ನನ್ನ ಮೇಲ್ ತೆಗೆದು ಆ ಪತ್ರ ಕಳಿಸಿಬಿಡಮ್ಮ, ಪಾಸ್‌ವರ್ಡ್ ಹೇಳ್ತೀನಿ ಬರ್ಕೋ" ಅನ್ನುತ್ತಾರೆ. ಅವರು ಕೆಟ್ಟ ಉದ್ದೇಶದಿಂದ ಹೇಳುವುದಿಲ್ಲ. ಕೆಲಸ ನಿಲ್ಲಬಾರದೆಂಬ ಕಾಳಜಿಯೇ ಅವರಿಂದ ಹಾಗೆ ಹೇಳಿಸುತ್ತದೆ. ಆದ್ದರಿಂದ ನಿಯಮ ಏಕಿದೆ ಎಂದು ಹೇಳಿ ಕೈತೊಳೆದುಕೊಂಡರೆ ನಿಮಗೆ ಅನ್ಯಾಯ ಮಾಡಿದಂತಾಗುತ್ತದೆ. ಪಾಸ್‌ವರ್ಡ್ ಕೊಡದೆಯೂ ಆ ಪತ್ರ ಹೋಗುವುದು ಹೇಗೆ ಎಂಬುದನ್ನೂ ನಿಮಗೆ ಹೇಳಿಕೊಡಬೇಕು.

ಮೊದಲು ನಡೆದ ಒಂದು ಘಟನೆಯನ್ನು ನೋಡೋಣ. 2017ರ ಡಿಸೆಂಬರ್ ಆರಂಭದಲ್ಲಿ ಬ್ರಿಟನ್ನಿನ ಸಂಸತ್ತಿನಲ್ಲಿ ಒಂದು ದೊಡ್ಡ ವಿವಾದ ಎದ್ದಿತ್ತು. ಡೇಮಿಯನ್ ಗ್ರೀನ್ ಆಗ ಪ್ರಧಾನಿ ತೆರೇಸಾ ಮೇ ಅವರ ಸಂಪುಟದಲ್ಲಿ ಅತಿ ಹಿರಿಯ ಸಚಿವರಲ್ಲಿ ಒಬ್ಬರು. 2008ರಲ್ಲಿ, ಅವರು ವಿರೋಧ ಪಕ್ಷದಲ್ಲಿದ್ದಾಗ, ಸರ್ಕಾರಿ ಮಾಹಿತಿ ಸೋರಿಕೆಯ ತನಿಖೆಗೆಂದು ಪೊಲೀಸರು ಅವರ ಸಂಸತ್ ಕಚೇರಿಯ ಕಂಪ್ಯೂಟರನ್ನು ವಶಪಡಿಸಿಕೊಂಡಿದ್ದರು. ಅದರಲ್ಲಿ ಅಶ್ಲೀಲ ಚಿತ್ರಗಳಿದ್ದವು ಎಂದು ನಿವೃತ್ತ ಪೊಲೀಸ್ ಅಧಿಕಾರಿಗಳು ಒಂಬತ್ತು ವರ್ಷಗಳ ನಂತರ ಹೇಳಿದರು. ಗ್ರೀನ್ ಅದನ್ನು ಅಲ್ಲಗಳೆದರು. ಕಂಪ್ಯೂಟರನ್ನು ಪರೀಕ್ಷಿಸಿದ್ದ ಮಾಜಿ ಪತ್ತೇದಾರರೊಬ್ಬರು ಬಿಬಿಸಿಗೆ ತಮ್ಮ ತರ್ಕವನ್ನು ವಿವರಿಸಿದರು: ಚಿತ್ರಗಳನ್ನು ನೋಡಿದ ಹೊತ್ತಿನ ಆಸುಪಾಸಿನಲ್ಲೇ ಗ್ರೀನ್ ಅವರ ಖಾತೆಯಿಂದ ಇಮೇಲ್‌ಗಳು ಹೋಗಿವೆ, ಅವರ ಸ್ವಂತ ದಾಖಲೆಗಳು ತೆರೆದಿವೆ, ಹಾಗಾಗಿ ಮೇಜಿನ ಮುಂದೆ ಇದ್ದವರು ಅವರೇ ಇರಬೇಕು.

ಈ ತರ್ಕ ನಿಂತಿರುವುದು ಒಂದೇ ಊಹೆಯ ಮೇಲೆ: ಆ ಖಾತೆಯನ್ನು ಬಳಸುವವರು ಅದರ ಒಡೆಯರೊಬ್ಬರೇ. ಮರುದಿನವೇ ಸಂಸದೆ ನದೀನ್ ಡೋರಿಸ್ ಟ್ವಿಟರಿನಲ್ಲಿ ಆ ಊಹೆಯನ್ನು ಪ್ರಶ್ನಿಸಿದರು. ತಮ್ಮ ಲಾಗಿನ್ ಬಳಸಿ ತಮ್ಮ ಕಂಪ್ಯೂಟರನ್ನು ಸಿಬ್ಬಂದಿ ದಿನವೂ ತೆರೆಯುತ್ತಾರೆ, ವಿನಿಮಯ ಕಾರ್ಯಕ್ರಮದಲ್ಲಿ ಬಂದ ಇಂಟರ್ನ್‌ಗಳೂ ತೆರೆಯುತ್ತಾರೆ, ಆದ್ದರಿಂದ ಮೇಜು ಗ್ರೀನ್ ಅವರದೆಂಬ ಮಾತ್ರಕ್ಕೆ ನೋಡಿದವರೂ ಅವರೇ ಎನ್ನಲಾಗದು ಎಂಬುದು ಅವರ ವಾದ. ತಾನೂ ಹಾಗೇ ಮಾಡುವುದು, ಎಷ್ಟೋ ಸಲ ಪಾಸ್‌ವರ್ಡ್ ಮರೆತು ಸಿಬ್ಬಂದಿಯನ್ನೇ ಕೇಳುವುದುಂಟು ಎಂದು ಇನ್ನೊಬ್ಬ ಸಂಸದರು ಸೇರಿಸಿದರು. ಸಿಬ್ಬಂದಿಗೆ ಅನುಕೂಲವಾಗಲೆಂದು ಯಂತ್ರವನ್ನು ಲಾಕ್ ಮಾಡದೆ ಬಿಡುತ್ತೇನೆ ಎಂದವರೂ ಇದ್ದರು. ಪಾಸ್‌ವರ್ಡ್ ಹಂಚಿಕೊಳ್ಳಬಾರದೆಂದು ಹೌಸ್ ಆಫ್ ಕಾಮನ್ಸ್‌ನ ಸಿಬ್ಬಂದಿ ಕೈಪಿಡಿಯಲ್ಲಿ ಆಗಲೇ ಬರೆದಿತ್ತು. ಅಲ್ಲಿನ ಮಾಹಿತಿ ಆಯುಕ್ತರ ಕಚೇರಿ ದತ್ತಾಂಶ ರಕ್ಷಣಾ ಕಾಯ್ದೆಯನ್ನು ಸಂಸದರಿಗೆ ನೆನಪಿಸಬೇಕಾಯಿತು.

ಆ ದಿನಗಳಲ್ಲಿ ಬಹಳ ಮಂದಿ ಡೋರಿಸ್ ಅವರನ್ನು ನೋಡಿ ನಕ್ಕರು. ನಾನು ನಗುವುದಿಲ್ಲ. ಅವರು ಹೇಳಿದ್ದರಲ್ಲಿ ತಾಂತ್ರಿಕವಾಗಿ ಒಂದು ಸತ್ಯವಿದೆ, ಆ ಸತ್ಯವೇ ಇವತ್ತಿನ ನಮ್ಮ ವಿಷಯ. ಅವರ ಕಚೇರಿಯಲ್ಲಿ ಹಾಗೊಂದು ಘಟನೆ ನಡೆದಿದ್ದರೆ ಯಾರು ಮಾಡಿದ್ದೆಂದು ಯಾವ ದಾಖಲೆಯೂ ಹೇಳುತ್ತಿರಲಿಲ್ಲ. ತಪ್ಪಿತಸ್ಥರನ್ನು ಹಿಡಿಯಲು ಆಗುತ್ತಿರಲಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ತಪ್ಪು ಮಾಡದವರಿಗೆ ತಾವು ಮಾಡಿಲ್ಲವೆಂದು ತೋರಿಸಲೂ ದಾರಿ ಇರುತ್ತಿರಲಿಲ್ಲ, ಆ ಇಂಟರ್ನ್ ಸೇರಿದಂತೆ. ಗ್ರೀನ್ 2017ರ ಡಿಸೆಂಬರ್ 20ರಂದು ಸಂಪುಟ ಬಿಟ್ಟರು. ಪೊಲೀಸರು ಕಂಡುಕೊಂಡ ವಿಷಯ ತಮಗೆ ಮೊದಲೇ ಗೊತ್ತಿತ್ತೋ ಇಲ್ಲವೋ ಎಂಬ ಬಗ್ಗೆ ಅವರು ತಪ್ಪುದಾರಿಗೆಳೆಯುವ ಹೇಳಿಕೆ ಕೊಟ್ಟರೆಂದು ಆಂತರಿಕ ವಿಚಾರಣೆ ಹೇಳಿದ್ದು ಅದಕ್ಕೆ ಕಾರಣ. ಚಿತ್ರಗಳನ್ನು ತಾನು ನೋಡಿಲ್ಲ ಎಂಬ ಮಾತನ್ನು ಮಾತ್ರ ಅವರು ರಾಜೀನಾಮೆ ಪತ್ರದಲ್ಲೂ ಬಿಡಲಿಲ್ಲ.

ಈಗ ಒಂದು ಪ್ರಶ್ನೆ. ಇಷ್ಟೆಲ್ಲ ಬುದ್ಧಿವಂತ ಯಂತ್ರಗಳಿಗೆ ಕೀಲಿಮಣೆಯ ಮುಂದೆ ಕೂತವರು ಯಾರೆಂದು ಏಕೆ ಗೊತ್ತಾಗುವುದಿಲ್ಲ? ಉತ್ತರಕ್ಕಾಗಿ ಪಾಸ್‌ವರ್ಡ್ ಟೈಪ್ ಮಾಡಿದಾಗ ಒಳಗೆ ಏನಾಗುತ್ತದೆಂದು ನೋಡಬೇಕು. ಸರಿಯಾಗಿ ಕಟ್ಟಿದ ವ್ಯವಸ್ಥೆಯಲ್ಲಿ ನಿಮ್ಮ ಪಾಸ್‌ವರ್ಡ್ ಇದ್ದ ಹಾಗೇ ಎಲ್ಲೂ ಬರೆದಿರುವುದಿಲ್ಲ. ಅದನ್ನು ಹ್ಯಾಶ್ ಎಂಬ ಒಂದು ಲೆಕ್ಕದೊಳಗೆ ಹಾಯಿಸುತ್ತಾರೆ. ಆ ಲೆಕ್ಕ ಒಮ್ಮುಖವಾದದ್ದು: ಪಾಸ್‌ವರ್ಡಿನಿಂದ ಒಂದು ಉದ್ದನೆಯ ಸಂಖ್ಯೆ ಸುಲಭವಾಗಿ ಬರುತ್ತದೆ, ಆ ಸಂಖ್ಯೆಯಿಂದ ಹಿಂದಕ್ಕೆ ಪಾಸ್‌ವರ್ಡಿಗೆ ಹೋಗಲು ದಾರಿಯಿಲ್ಲ. ಸರ್ವರಿನಲ್ಲಿ ಉಳಿಯುವುದು ಆ ಸಂಖ್ಯೆ ಮಾತ್ರ. ಬೆಲ್ ಲ್ಯಾಬ್ಸ್‌ನ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲಿ ಬರೆದ ಲೇಖನವೊಂದು ಈ ವಿಧಾನವನ್ನು ಲೋಕಕ್ಕೆ ಚೆನ್ನಾಗಿ ತಿಳಿಸಿಕೊಟ್ಟಿತು. ನೀವು ಲಾಗಿನ್ ಆಗುವಾಗ ಟೈಪ್ ಮಾಡಿದ್ದನ್ನು ಯಂತ್ರ ಮತ್ತೆ ಅದೇ ಲೆಕ್ಕಕ್ಕೆ ಹಾಕುತ್ತದೆ, ಬಂದ ಸಂಖ್ಯೆಯನ್ನು ಇಟ್ಟುಕೊಂಡಿರುವ ಸಂಖ್ಯೆಯೊಂದಿಗೆ ಹೋಲಿಸುತ್ತದೆ. ಎರಡೂ ಒಂದೇ ಆದರೆ ಬಾಗಿಲು ತೆರೆಯುತ್ತದೆ.

ಈ ಲೆಕ್ಕದೊಳಕ್ಕೆ ಹೋದದ್ದು ಕೆಲವು ಅಕ್ಷರಗಳು, ಅಷ್ಟೇ. ಅವನ್ನು ಒತ್ತಿದ ಬೆರಳು ಯಾರದೆಂಬುದು ಲೆಕ್ಕದ ಯಾವ ಹಂತದಲ್ಲೂ ಬರುವುದಿಲ್ಲ. ಒಂದೇ ಪಾಸ್‌ವರ್ಡ್ ಮೂವರಿಗೆ ಗೊತ್ತಿದ್ದರೆ ಮೂವರಿಂದಲೂ ಬರುವ ಸಂಖ್ಯೆ ಒಂದೇ. ಹಾಗಾಗಿ "ಇದು ಇಂಥವರು" ಎಂದು ಯಂತ್ರ ಬರೆದುಕೊಳ್ಳುವಾಗ ಅದು ಯಾರನ್ನೂ ಗುರುತಿಸಿರುವುದಿಲ್ಲ. ಈ ಅಕ್ಷರಗಳು ಒಬ್ಬರಿಗೆ ಮಾತ್ರ ಗೊತ್ತಿವೆ ಎಂಬ ನಿಮ್ಮ ಭರವಸೆಯನ್ನು ನಂಬಿ ಅದು ಹೆಸರು ಬರೆದಿರುತ್ತದೆ. ಪಾಸ್‌ವರ್ಡ್ ಹೇಳಿಕೊಟ್ಟ ಕ್ಷಣದಲ್ಲಿ ಆ ಭರವಸೆ ಸುಳ್ಳಾಗುತ್ತದೆ. ಯಂತ್ರಕ್ಕೆ ಅದು ಗೊತ್ತಾಗುವುದಿಲ್ಲ, ಅದು ಮೊದಲಿನಂತೆಯೇ ನಿಮ್ಮ ಹೆಸರು ಬರೆಯುತ್ತಾ ಹೋಗುತ್ತದೆ. ಮೊಬೈಲಿಗೆ ಬರುವ ಒಟಿಪಿ ಇದ್ದರೆ ಸಾಕಲ್ಲವೇ ಎಂದು ನೀವು ಕೇಳಬಹುದು. ಕದ್ದ ಪಾಸ್‌ವರ್ಡಿನಿಂದ ಅದು ಬಹಳ ಮಟ್ಟಿಗೆ ಕಾಪಾಡುತ್ತದೆ, ನಿಜ. ಆದರೆ ಸಾಹೇಬರೇ ಫೋನಿನಲ್ಲಿ ಆರು ಅಂಕಿಗಳನ್ನು ಓದಿ ಹೇಳಿದರೆ ಆ ರಕ್ಷಣೆಯೂ ಮುಗಿಯಿತು. ಫೋನಿನಲ್ಲಿ ಒಟಿಪಿ ಓದಿ ಹೇಳುವ ಅಭ್ಯಾಸ ಇರುವ ಕಚೇರಿಗೆ ನಾಳೆ ಮೋಸಗಾರನೊಬ್ಬ ಕರೆ ಮಾಡಿದರೆ ಅವನ ಕೆಲಸ ಎಷ್ಟು ಸುಲಭ ಎಂದು ಯೋಚಿಸಿ.

ಪಾಸ್‌ವರ್ಡ್ ಹುಟ್ಟಿದ್ದು ಗುಟ್ಟು ಕಾಯುವುದಕ್ಕೆ ಎಂದು ನಾವು ಅಂದುಕೊಂಡಿರುತ್ತೇವೆ. ಅದರ ಆರಂಭದಲ್ಲಿ ಲೆಕ್ಕ ಇಡುವ ಅಗತ್ಯವೂ ಅಷ್ಟೇ ಮುಖ್ಯವಾಗಿತ್ತು. 1960ರ ದಶಕದ ಮೊದಲಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೋ ಕೊರ್ಬಾಟೊ ಅವರ ತಂಡ ಒಂದೇ ಕಂಪ್ಯೂಟರನ್ನು ಹಲವರು ಏಕಕಾಲಕ್ಕೆ ಬಳಸುವ ಸಿಟಿಎಸ್‌ಎಸ್ ಎಂಬ ವ್ಯವಸ್ಥೆ ಕಟ್ಟಿತು. ಪ್ರತಿಯೊಬ್ಬರಿಗೂ ತಮ್ಮದೇ ಕಡತಗಳು, ತಮ್ಮದೇ ಸಮಯದ ಪಾಲು. ಯಾರ ಪಾಲಿನಿಂದ ಸಮಯ ಕಳೆಯಬೇಕೆಂದು ತಿಳಿಯಲು ಪಾಸ್‌ವರ್ಡ್ ಬೇಕಾಯಿತು. ಅಲನ್ ಶೆರ್ ಎಂಬ ಸಂಶೋಧಕನಿಗೆ ವಾರಕ್ಕೆ ಸಿಗುತ್ತಿದ್ದ ನಾಲ್ಕು ಗಂಟೆ ಸಾಲಲಿಲ್ಲ. 1962ರಲ್ಲಿ ಅವನು ಪಾಸ್‌ವರ್ಡ್‌ಗಳ ಕಡತವನ್ನೇ ಮುದ್ರಿಸಿಕೊಂಡು ಬೇರೆಯವರ ಹೆಸರಿನಲ್ಲಿ ಕೆಲಸ ಮಾಡಿದ. ಯಂತ್ರದ ಲೆಕ್ಕದ ಪುಸ್ತಕದಲ್ಲಿ ಆ ಗಂಟೆಗಳು ಪಾಪದವರ ಖಾತೆಗೆ ಬಿದ್ದವು. ಅವನೇ ಬಹಳ ವರ್ಷಗಳ ನಂತರ ಹೇಳಿಕೊಳ್ಳುವವರೆಗೆ ವಿಷಯ ಹೊರಬಂದಿರಲಿಲ್ಲ.

ನಮ್ಮ ಕಚೇರಿಗೆ ಬರೋಣ. ಒಂದು ಪ್ರಸಂಗ ಕಟ್ಟಿಕೊಳ್ಳೋಣ. ಸಹಾಯಕ ನಿರ್ದೇಶಕರೊಬ್ಬರು ಸೋಮವಾರದಿಂದ ರಜೆಯ ಮೇಲಿದ್ದಾರೆ. ಅವರ ಪಾಸ್‌ವರ್ಡ್ ಪ್ರಥಮ ದರ್ಜೆ ಸಹಾಯಕಿಗೆ ಗೊತ್ತು, ಏಕೆಂದರೆ ಟಪಾಲು ನೋಡುವವರು ಅವರೇ. ಪಕ್ಕದಲ್ಲಿ ಕೂರುವ ಡೇಟಾ ಎಂಟ್ರಿ ಆಪರೇಟರಿಗೂ ಗೊತ್ತು, ಟೈಪ್ ಮಾಡುವುದನ್ನು ದಿನವೂ ನೋಡಿ ಅವನಿಗೆ ಬಾಯಿಪಾಠವಾಗಿದೆ. ಮೂರು ತಿಂಗಳ ಹಿಂದೆ ಬೇರೆ ಊರಿಗೆ ವರ್ಗವಾಗಿ ಹೋದ ಹಳೆಯ ಗುಮಾಸ್ತರಿಗೂ ಗೊತ್ತು, ಏಕೆಂದರೆ ಅವರು ಹೋದ ಮೇಲೆ ಪಾಸ್‌ವರ್ಡ್ ಬದಲಾಗಿಲ್ಲ. ಬುಧವಾರ ಸಂಜೆ ಗುತ್ತಿಗೆದಾರರೊಬ್ಬರು ಕಳಿಸಿದ ದೂರಿನ ಮೇಲ್ ಆ ಪೆಟ್ಟಿಗೆಯಿಂದ ಅಳಿಸಿಹೋಗುತ್ತದೆ. ಹದಿನೈದು ದಿನದ ಮೇಲೆ ದೂರುದಾರರು ಉತ್ತರ ಕೇಳಿಕೊಂಡು ಬರುತ್ತಾರೆ. ಲಾಗ್ ತೆಗೆಸಿದರೆ ಅದರಲ್ಲಿರುವುದು, ತುಸು ಸರಳಗೊಳಿಸಿ ಹೇಳುವುದಾದರೆ, ಇಷ್ಟು:

```
16:10  User: officer  LogonType: Owner  Operation: HardDelete
```

ಪೆಟ್ಟಿಗೆಯ ಒಡೆಯರೇ ಬಂದು ಶಾಶ್ವತವಾಗಿ ಅಳಿಸಿದ್ದಾರೆ ಎಂದು ಇದರ ಅರ್ಥ. ಅಧಿಕಾರಿ ರಜೆಯಲ್ಲಿದ್ದರು ಎನ್ನುವುದು ಅವರಿಗೆ ರಕ್ಷಣೆಯಾಗದು, ಏಕೆಂದರೆ ಅದೇ ಮೇಲ್ ಅವರ ಮೊಬೈಲಿನಲ್ಲೂ ಇದೆ. "ನಾನು ಮಾಡಿಲ್ಲ, ಪಾಸ್‌ವರ್ಡ್ ಅವಳಿಗೂ ಗೊತ್ತಿತ್ತು" ಎಂದು ಅವರು ಹೇಳಿದೊಡನೆ ಅನುಮಾನ ಹೊರಳುವುದು ಸಹಾಯಕಿಯ ಕಡೆಗೆ. ಆಕೆಯ ಬಳಿ ತೋರಿಸಲು ಏನೂ ಇಲ್ಲ. ಆಪರೇಟರ್ ಮತ್ತು ವರ್ಗವಾದವರ ಹೆಸರು ಯಾರ ನೆನಪಿಗೂ ಬರುವುದಿಲ್ಲ. ಪಾಸ್‌ವರ್ಡ್ ಹೇಳಿಸಿಕೊಂಡವರು ನಂಬಿಕೆಗೆ ಪಾತ್ರರಾದೆವೆಂದು ಹೆಮ್ಮೆಪಡುತ್ತಾರೆ. ನನ್ನ ಪ್ರಕಾರ ಆ ಕ್ಷಣದಿಂದ ಅತಿ ಹೆಚ್ಚು ಅಪಾಯದಲ್ಲಿರುವವರು ಅವರೇ. ಕಿರಿಯ ಸಿಬ್ಬಂದಿಯ ಕಾವಲಿಗಾಗಿಯೂ ಈ ನಿಯಮ ಇದೆ ಎಂಬುದನ್ನು ದಯವಿಟ್ಟು ಮನಸ್ಸಿನಲ್ಲಿಡಿ.

ಇನ್ನೊಂದು ತೊಡಕೂ ಇದೆ. ಪಾಸ್‌ವರ್ಡನ್ನು ಭಾಗ ಮಾಡಿ ಕೊಡಲು ಬರುವುದಿಲ್ಲ. ಟಪಾಲು ಓದುವುದಕ್ಕೆ ಬೇಕಾದಷ್ಟೇ, ಈ ವಾರಕ್ಕೆ ಬೇಕಾದಷ್ಟೇ ಪಾಸ್‌ವರ್ಡ್ ಎಂದು ಒಂದಿಲ್ಲ. ಮೊತ್ತ ಬರೆಯದೆ ಸಹಿ ಹಾಕಿದ ಖಾಲಿ ಚೆಕ್ಕಿನ ಹಾಗೆ ಅದು ಕೈಗೆ ಬಂದವರಿಗೆ ಎಲ್ಲವನ್ನೂ ಕೊಟ್ಟುಬಿಡುತ್ತದೆ: ಓದುವುದು, ಕಳಿಸುವುದು, ಅಳಿಸುವುದು, ಕೊನೆಗೆ ಆ ಪಾಸ್‌ವರ್ಡನ್ನೇ ಬದಲಿಸಿ ಒಡೆಯರನ್ನು ಹೊರಗಿಡುವುದು ಕೂಡ. ಹಿಂದಕ್ಕೆ ಪಡೆಯುವುದಂತೂ ಇನ್ನೂ ಕಷ್ಟ. ಒಬ್ಬರ ಅಧಿಕಾರವನ್ನು ತೆಗೆಯಬೇಕೆಂದರೆ ಪಾಸ್‌ವರ್ಡ್ ಬದಲಿಸಿ ಉಳಿದವರಿಗೆಲ್ಲ ಹೊಸದನ್ನು ಮತ್ತೆ ಹೇಳಬೇಕು. ಅದಕ್ಕೇ ಯಾರೂ ಬದಲಿಸುವುದಿಲ್ಲ, ವರ್ಗವಾದವರ ಕೈಯಲ್ಲಿ ಅದು ಉಳಿದೇ ಇರುತ್ತದೆ.

ಹಾಗಾದರೆ ಕೆಲಸ ವಹಿಸುವುದು ಹೇಗೆ? ಕಂಪ್ಯೂಟರ್ ಬರುವುದಕ್ಕೆ ಎಷ್ಟೋ ಮೊದಲಿನಿಂದ ನಮ್ಮ ಸರ್ಕಾರ ಇದನ್ನು ಸರಿಯಾಗಿಯೇ ಮಾಡುತ್ತಿದೆ. ಯಾವುದಾದರೂ ಕರ್ನಾಟಕ ಸರ್ಕಾರದ ಆದೇಶದ ಕೊನೆಯ ಪುಟ ನೋಡಿ. "ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ" ಎಂದಿರುತ್ತದೆ. ಅದರ ಕೆಳಗೆ ಇಲಾಖೆಯ ಅಧೀನ ಕಾರ್ಯದರ್ಶಿಯೋ ಉಪ ಕಾರ್ಯದರ್ಶಿಯೋ ತಮ್ಮ ಸ್ವಂತ ಹೆಸರು, ಹುದ್ದೆ ಬರೆದು ಸಹಿ ಮಾಡಿರುತ್ತಾರೆ. ಸರ್ಕಾರದ ಕಾರ್ಯಗಳೆಲ್ಲ ರಾಜ್ಯಪಾಲರ ಹೆಸರಿನಲ್ಲಿ ನಡೆಯಬೇಕೆಂದು ಸಂವಿಧಾನದ 166ನೇ ವಿಧಿ ಹೇಳುತ್ತದೆ. ಆ ಆದೇಶಗಳನ್ನು ಹೇಗೆ ದೃಢೀಕರಿಸಬೇಕೆಂಬುದಕ್ಕೂ ಅಲ್ಲೇ ಅವಕಾಶವಿದೆ. ರಾಜ್ಯಪಾಲರ ಸಹಿಯನ್ನು ಅನುಕರಿಸಿ ಹಾಕಲು ಅಧೀನ ಕಾರ್ಯದರ್ಶಿಗೆ ಯಾರೂ ಹೇಳುವುದಿಲ್ಲ. ಆ ಒಂದು ಹಾಳೆಯಲ್ಲಿ ಅಧಿಕಾರ ಯಾರದು ಎಂಬುದಕ್ಕೊಂದು ಸಾಲಿದೆ, ಕೈ ಯಾರದು ಎಂಬುದಕ್ಕೆ ಇನ್ನೊಂದು ಸಾಲಿದೆ. ಒಂದು ಇನ್ನೊಂದನ್ನು ಮರೆಮಾಡುವುದಿಲ್ಲ.

ಇಮೇಲಿನ ನಿಯಮಗಳನ್ನು ರೂಪಿಸಿದ ಎಂಜಿನಿಯರುಗಳೂ ಇದೇ ಎರಡು ಸಾಲುಗಳಿಗೆ ಬಂದರು. 1982ರಲ್ಲಿ ಪ್ರಕಟವಾದ RFC 822 ಎಂಬ ಮಾನಕದಲ್ಲಿ ಪತ್ರ ಯಾರದು ಎಂಬುದಕ್ಕೆ ಒಂದು ಅಂಕಣ, ಅದನ್ನು ನಿಜವಾಗಿ ಕಳಿಸಿದವರು ಯಾರೆಂಬುದಕ್ಕೆ ಇನ್ನೊಂದು ಅಂಕಣ ಇದೆ. ಈಗಲೂ ಬಳಕೆಯಲ್ಲಿರುವ ಅದರ ಮುಂದಿನ ಆವೃತ್ತಿ, ಕಾರ್ಯದರ್ಶಿಯೊಬ್ಬರು ಬೇರೊಬ್ಬರ ಪತ್ರ ಕಳಿಸುವ ಸಂದರ್ಭವನ್ನೇ ಉದಾಹರಣೆಯಾಗಿ ಕೊಡುತ್ತದೆ. ಅಂಥ ಪತ್ರದ ತಲೆಬರಹ ಹೀಗಿರುತ್ತದೆ:

```
From: officer@example.org
Sender: clerk@example.org
```

ಪಡೆದವರ ಪರದೆಯ ಮೇಲೆ ಇದು ಇಂಥ ಅಧಿಕಾರಿಯ ಪರವಾಗಿ ಇಂಥ ಸಹಾಯಕಿ ಕಳಿಸಿದ್ದು ಎಂದು ಕಾಣುತ್ತದೆ. ಅಂದರೆ ಅಧಿಕಾರಿ ಬಸ್ಸಿನಿಂದ ಫೋನ್ ಮಾಡಿ ಕೇಳಿದ ಕೆಲಸಕ್ಕೆ ಮೂವತ್ತೈದು ವರ್ಷ ಹಳೆಯದಾದ ಉತ್ತರ 2017ರ ಬ್ರಿಟನ್ನಿನ ಸಂಸತ್ತಿನಲ್ಲೇ ಇತ್ತು. ಅಲ್ಲಿನ ಸಂಸದರಿಗೆ ದಿನಕ್ಕೆ ನೂರಾರು ಪತ್ರಗಳು ಬರುತ್ತವೆ. ಅವರೊಬ್ಬರೇ ಉತ್ತರಿಸಲಾರರು, ಅವರ ಅಗತ್ಯ ನಿಜವಾದದ್ದು. ಅವರಿಗೆ ಕೈಪಿಡಿಯ ನಿಷೇಧ ತಲುಪಿತ್ತು, ಬದಲಿ ದಾರಿ ಅಭ್ಯಾಸವಾಗಿರಲಿಲ್ಲ.

ಆ ಬದಲಿ ದಾರಿಯನ್ನು ನಾವು ಡೆಲಿಗೇಷನ್ ಅನ್ನುತ್ತೇವೆ. ಔಟ್‌ಲುಕ್ ಇರುವ ಕಚೇರಿಯಲ್ಲಿ ಅದು ನಡೆಯುವುದು ಹೀಗೆ. ಅಧಿಕಾರಿ ತಮ್ಮ ಔಟ್‌ಲುಕ್ಕಿನಲ್ಲಿ Delegate Access ಎಂಬಲ್ಲಿ ಸಹಾಯಕಿಯ ಹೆಸರನ್ನು ಸೇರಿಸುತ್ತಾರೆ. ಆಗದಿದ್ದರೆ ಅಡ್ಮಿನ್‌ಗೆ ಬರೆದು ಮಾಡಿಸುತ್ತಾರೆ. ಸೇರಿಸುವಾಗ ಪ್ರತಿ ಫೋಲ್ಡರಿಗೂ ಬೇರೆ ಬೇರೆ ಮಟ್ಟ ಕೊಡಬಹುದು. Reviewer ಎಂದರೆ ಓದಬಹುದು, ಅಷ್ಟೇ. Author ಆದವರು ಓದಿ, ಹೊಸದನ್ನು ಸೇರಿಸಬಹುದು. Editor ಆದವರು ಬೇರೆಯವರು ಇಟ್ಟದ್ದನ್ನೂ ತಿದ್ದಬಹುದು, ಅಳಿಸಬಹುದು. ಟಪಾಲು ವಿಂಗಡಿಸಿ ಮುಖ್ಯವಾದುದನ್ನು ತಿಳಿಸುವುದಷ್ಟೇ ಕೆಲಸವಾದರೆ Reviewer ಸಾಕು. ಪತ್ರ ಕಳಿಸುವುದು ಇದರಿಂದ ಪ್ರತ್ಯೇಕವಾದ ಹಕ್ಕು. ಅದರಲ್ಲಿ ಎರಡು ಬಗೆ ಇದೆ, ಇವೆರಡನ್ನು ಗೊಂದಲ ಮಾಡಿಕೊಳ್ಳಬೇಡಿ. Send on Behalf ಕೊಟ್ಟರೆ ಪತ್ರದಲ್ಲಿ ಇಬ್ಬರ ಹೆಸರೂ ಕಾಣುತ್ತದೆ. Send As ಕೊಟ್ಟರೆ ಹೊರಗಿನವರಿಗೆ ಅಧಿಕಾರಿಯ ಹೆಸರು ಮಾತ್ರ ಕಾಣುತ್ತದೆ. ದೂರು ವಿಭಾಗ, ಟೆಂಡರ್ ವಿಭಾಗದಂಥ ಸಾಮಾನ್ಯ ವಿಳಾಸಗಳಿಗೆ ಎರಡನೆಯದು ಸರಿಹೊಂದುತ್ತದೆ. ಒಬ್ಬ ವ್ಯಕ್ತಿಯ ಪೆಟ್ಟಿಗೆಗೆ ನಾನು ಯಾವತ್ತೂ ಮೊದಲನೆಯದನ್ನೇ ಕೊಡಿಸುತ್ತೇನೆ.

ಇದಾದ ಮೇಲೆ ಸಹಾಯಕಿ ತಮ್ಮದೇ ಐಡಿ, ತಮ್ಮದೇ ಪಾಸ್‌ವರ್ಡ್ ಬಳಸಿ ಲಾಗಿನ್ ಆಗುತ್ತಾರೆ. ಅವರ ಪೆಟ್ಟಿಗೆಯ ಕೆಳಗೇ ಅಧಿಕಾರಿಯ ಪೆಟ್ಟಿಗೆಯೂ ತೆರೆದುಕೊಳ್ಳುತ್ತದೆ. ಜಿಮೇಲಿನಲ್ಲಿಯೂ ಸೆಟ್ಟಿಂಗ್ಸ್‌ನಲ್ಲಿ Grant access to your account ಎಂಬ ಇಂಥದೇ ಏರ್ಪಾಡಿದೆ. ಅಲ್ಲಿ ಅಧಿಕಾರ ಪಡೆದವರು ಮೂಲ ಖಾತೆಯ ಪಾಸ್‌ವರ್ಡ್ ಬದಲಿಸಲಾರರು.

ಈಗ ಆ ಬುಧವಾರವನ್ನು ಮತ್ತೆ ನಡೆಸಿ ನೋಡೋಣ. ಸಹಾಯಕಿಗೆ Reviewer ಮಟ್ಟ ಮಾತ್ರ ಇದ್ದರೆ ಅವರ ಕಡೆಯಿಂದ ದೂರು ಅಳಿಯುವುದೇ ಇಲ್ಲ, ಯಂತ್ರ ಬಿಡುವುದಿಲ್ಲ. ಆಪರೇಟರಿಗೆ ಮತ್ತು ವರ್ಗವಾದವರಿಗೆ ಆ ಪೆಟ್ಟಿಗೆ ಕಾಣುವುದೂ ಇಲ್ಲ. ವರ್ಗವಾದ ದಿನವೇ ಅವರ ಒಬ್ಬರ ಹೆಸರನ್ನು ಪಟ್ಟಿಯಿಂದ ತೆಗೆದರಾಯಿತು, ಉಳಿದವರ ಕೆಲಸಕ್ಕೆ ಅಡ್ಡಿಯಿಲ್ಲ. ಸಹಾಯಕಿಗೆ Editor ಮಟ್ಟ ಕೊಟ್ಟಿದ್ದು ಅವರ ಕೈತಪ್ಪಿನಿಂದಲೇ ಮೇಲ್ ಅಳಿಸಿಹೋಗಿದ್ದರೆ ಲಾಗ್ ಹೀಗಿರುತ್ತದೆ:

```
16:10  User: clerk  LogonType: Delegate  Operation: HardDelete
```

ಅಧಿಕಾರಿಯ ಮೇಲೆ ಅನುಮಾನವಿಲ್ಲ. ಸಹಾಯಕಿಯನ್ನು ಕರೆದು ಕೇಳಿದರೆ ಆದದ್ದನ್ನು ಹೇಳುತ್ತಾರೆ, ಬ್ಯಾಕಪ್ಪಿನಿಂದ ಮೇಲನ್ನು ತರಿಸುತ್ತಾರೆ, ಅರ್ಧ ದಿನದಲ್ಲಿ ವಿಷಯ ಮುಗಿಯುತ್ತದೆ. ಇಂಥ ದಾಖಲೆ ನಿಮ್ಮ ಕಚೇರಿಯಲ್ಲಿ ಬರೆದುಕೊಳ್ಳಲಾಗುತ್ತಿದೆಯೇ, ಎಷ್ಟು ದಿನ ಉಳಿಯುತ್ತದೆ ಎಂಬುದನ್ನು ಅಡ್ಮಿನ್ ಬಳಿ ಕೇಳಿ ತಿಳಿದುಕೊಳ್ಳಿ. ಆಫ್ ಆಗಿರುವ ಲಾಗ್ ಯಾರನ್ನೂ ಕಾಪಾಡದು.

ಡೆಲಿಗೇಷನ್ ಕೊಟ್ಟೊಡನೆ ಎಲ್ಲ ಸುರಕ್ಷಿತ ಎಂದೂ ನಾನು ಹೇಳುವುದಿಲ್ಲ. ಬಹಳ ಜನರ ಕಣ್ಣಿಗೆ ಬೀಳದ ಒಂದು ಕಿಂಡಿ ಇಲ್ಲಿದೆ. ಪಾಸ್‌ವರ್ಡ್ ಮರೆತಾಗ ಹೊಸದನ್ನು ಹೊಂದಿಸುವ ಕೊಂಡಿಯನ್ನು ಬೇರೆ ಬೇರೆ ಜಾಲತಾಣಗಳು ಕಳಿಸುವುದು ಇಮೇಲಿಗೆ. ಅಧಿಕಾರಿ ತಮ್ಮ ಟೆಂಡರ್ ಪೋರ್ಟಲ್ ಖಾತೆಗೋ ಸ್ವಂತ ಬ್ಯಾಂಕ್ ಖಾತೆಗೋ ಇದೇ ಕಚೇರಿಯ ವಿಳಾಸ ಕೊಟ್ಟಿದ್ದರೆ, ಆ ಪೆಟ್ಟಿಗೆಯನ್ನು ಓದುವ ಹಕ್ಕಿರುವ ಯಾರೇ ಆದರೂ "ಪಾಸ್‌ವರ್ಡ್ ಮರೆತಿದ್ದೇನೆ" ಎಂದು ಒತ್ತಿ, ಬಂದ ಕೊಂಡಿಯನ್ನು ತೆರೆದು, ಆ ಖಾತೆಯನ್ನು ತಮ್ಮದಾಗಿಸಿಕೊಳ್ಳಬಹುದು. ಓದುವ ಹಕ್ಕು ಮಾತ್ರ ಕೊಟ್ಟೆವು ಎಂದು ನಾವು ನೆಮ್ಮದಿಯಿಂದಿರುತ್ತೇವೆ, ಓದುವುದರಿಂದಲೇ ಬೀಗ ತೆರೆದಿರುತ್ತದೆ. ಆದ್ದರಿಂದ ಪೆಟ್ಟಿಗೆಯನ್ನು ವಹಿಸುವ ಮೊದಲು ಹಣ ಮತ್ತು ಸಹಿಗೆ ಸಂಬಂಧಿಸಿದ ಖಾತೆಗಳ ಮರುಹೊಂದಿಕೆಯ ವಿಳಾಸವನ್ನು ಬೇರೆಡೆಗೆ ಬದಲಿಸಿಕೊಳ್ಳಬೇಕು. ಅದಕ್ಕಿಂತ ಒಳ್ಳೆಯದು, ಸಾರ್ವಜನಿಕರ ಪತ್ರಗಳಿಗೆ ಹುದ್ದೆಯ ಹೆಸರಿನಲ್ಲೇ ಒಂದು ವಿಳಾಸ ಮಾಡಿಸಿ ಅದನ್ನಷ್ಟೇ ವಹಿಸಿಕೊಡುವುದು. ಬೇಕಾದದ್ದಕ್ಕಿಂತ ಒಂದಿಷ್ಟೂ ಹೆಚ್ಚು ಹಕ್ಕು ಯಾರಿಗೂ ಇರಬಾರದೆಂಬ ತತ್ತ್ವವನ್ನು ಜೆರೋಮ್ ಸಾಲ್ಟ್‌ಜರ್ ಮತ್ತು ಮೈಕೆಲ್ ಶ್ರೋಡರ್ 1975ರಲ್ಲೇ ಬರೆದಿಟ್ಟಿದ್ದಾರೆ. ಕಂಪ್ಯೂಟರ್ ಭದ್ರತೆ ಕಲಿಸುವವರು ಇಂದಿಗೂ ಅಲ್ಲಿಂದಲೇ ಪಾಠ ಶುರುಮಾಡುತ್ತಾರೆ.

ಇನ್ನು ಡಾಂಗಲ್. ನಿಮ್ಮಲ್ಲಿ ಕೆಲವರು ಬಿಲ್ ಮಾಡುವ ಕೆಲಸಕ್ಕೆ ಹೋಗುತ್ತೀರಿ, ಅಲ್ಲಿ ಡಿಜಿಟಲ್ ಸಹಿಯ ಡಿಎಸ್‌ಸಿ ಸಿಗುತ್ತದೆ. ಯುಎಸ್‌ಬಿ ಟೋಕನ್ನಿನೊಳಗೆ ಒಂದು ಗುಪ್ತ ಕೀಲಿ ಇರುತ್ತದೆ. ಅದನ್ನು ಹೊರಗೆ ನಕಲು ಮಾಡಲು ಬರುವುದಿಲ್ಲ, ಪಿನ್ ಕೊಟ್ಟರೆ ಅದು ಒಳಗಿನಿಂದಲೇ ಸಹಿ ಮಾಡಿ ಕೊಡುತ್ತದೆ. ಹಣ ಸೆಳೆಯುವ ಅಧಿಕಾರಿಯ, ಅಂದರೆ ಡಿಡಿಒ ಅವರ, ಟೋಕನ್ನು ಕೇಸ್ ವರ್ಕರ್ ಮೇಜಿನ ಡ್ರಾಯರಿನಲ್ಲಿ, ಪಿನ್ ಅದಕ್ಕೇ ಅಂಟಿಸಿದ ಚೀಟಿಯಲ್ಲಿ ಇದ್ದರೆ ಅಷ್ಟೆಲ್ಲ ಗಣಿತ ವ್ಯರ್ಥವಾಯಿತು. ಬಿಲ್ ತಯಾರಿಸುವವರು ಒಬ್ಬರು, ಪರಿಶೀಲಿಸುವವರು ಒಬ್ಬರು, ಮಂಜೂರು ಮಾಡುವವರು ಮತ್ತೊಬ್ಬರು ಎಂದು ಹಂತಗಳನ್ನು ಬೇರ್ಪಡಿಸಿರುವುದು ಒಬ್ಬರ ತಪ್ಪು ಇನ್ನೊಬ್ಬರ ಕಣ್ಣಿಗೆ ಬೀಳಲಿ ಎಂದು. ಮೂರೂ ಕೀಲಿ ಒಬ್ಬರ ಕೈಯಲ್ಲಿದ್ದರೆ ಕಾಗದದ ಮೇಲೆ ಮೂವರು, ನಿಜದಲ್ಲಿ ಒಬ್ಬರೇ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 42ನೇ ಕಲಂ ಗುಪ್ತ ಕೀಲಿಯನ್ನು ತನ್ನ ಹಿಡಿತದಲ್ಲೇ ಇಟ್ಟುಕೊಳ್ಳುವ ಎಚ್ಚರಿಕೆಯ ಹೊಣೆಯನ್ನು ಪ್ರಮಾಣಪತ್ರ ಪಡೆದವರ ಮೇಲೇ ಹೊರಿಸುತ್ತದೆ. ಇನ್ನೊಬ್ಬರ ಪಾಸ್‌ವರ್ಡನ್ನೋ ವಿದ್ಯುನ್ಮಾನ ಸಹಿಯನ್ನೋ ಮೋಸದಿಂದ ಬಳಸಿದವರಿಗೆ ಅದೇ ಕಾಯ್ದೆಯ 66ಸಿ ಕಲಂ ಮೂರು ವರ್ಷದವರೆಗೆ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ.

ಡಿಎಸ್‌ಸಿಗೆ ಇಮೇಲಿನಂಥ ಡೆಲಿಗೇಷನ್ ಇಲ್ಲ, ಇರಲೂಬಾರದು. ಕೀಲಿ ವ್ಯಕ್ತಿಯದು, ಅದನ್ನು ವಹಿಸಲಾಗದು. ವಹಿಸಬೇಕಾದದ್ದು ಹುದ್ದೆಯನ್ನು. ಅದಕ್ಕೆ ನಮ್ಮಲ್ಲಿ ಪ್ರಭಾರದ ಪದ್ಧತಿ ಇದ್ದೇ ಇದೆ. ಅಧಿಕಾರಿ ರಜೆ ಹೋಗುವಾಗ ಯಾರು ಪ್ರಭಾರದಲ್ಲಿರುತ್ತಾರೆಂದು ಆದೇಶವಾಗುತ್ತದೆ, ಪ್ರಭಾರ ಹಸ್ತಾಂತರದ ಕಾಗದಕ್ಕೆ ಇಬ್ಬರೂ ಸಹಿ ಹಾಕುತ್ತಾರೆ. ಅದರ ಮುಂದಿನ ಹೆಜ್ಜೆಯನ್ನು ಕಂಪ್ಯೂಟರಿನಲ್ಲೂ ಮಾಡಬೇಕು: ಪ್ರಭಾರ ವಹಿಸಿಕೊಂಡವರ ಸ್ವಂತ ಡಿಎಸ್‌ಸಿಯನ್ನು ಆ ಹುದ್ದೆಗೆ ಜೋಡಿಸಿ, ರಜೆಯಲ್ಲಿರುವವರದನ್ನು ಅಷ್ಟು ದಿನ ಬಿಡಿಸಿಡಬೇಕು. ಅಧಿಕಾರಿ ವಾಪಸು ಬಂದಾಗ ಅದನ್ನೇ ತಿರುಗಿಸಿ ಮಾಡಬೇಕು. ಇದಕ್ಕೆ ಒಂದೆರಡು ದಿನ ಬೇಕಾಗುತ್ತದೆ ಎಂಬ ಕಾರಣಕ್ಕೇ ಜನ ಡಾಂಗಲನ್ನು ಡ್ರಾಯರಿನಲ್ಲಿ ಬಿಟ್ಟು ಹೋಗುತ್ತಾರೆ. ಹಾಗಾಗಿ ರಜೆ ಅರ್ಜಿಯ ಜೊತೆಯಲ್ಲೇ ಪ್ರಭಾರದ ಪತ್ರವೂ ಹೋಗಬೇಕು, ಹೊರಡುವ ಹಿಂದಿನ ಸಂಜೆ ನೆನಪಾದರೆ ಕಾಲ ಮೀರಿರುತ್ತದೆ.

ನಮ್ಮ ರಾಜ್ಯದ ಭೂಮಿ ಯೋಜನೆಯನ್ನು ರೂಪಿಸಿದವರು ಕೀಲಿ ಇನ್ನೊಬ್ಬರ ಕೈ ಸೇರುವ ಈ ತೊಂದರೆಯನ್ನು 2000ದ ದಶಕದ ಆರಂಭದಲ್ಲೇ ಮುಂಗಂಡಿದ್ದರು. ಪಹಣಿಯಲ್ಲಿ ಹೆಸರು ಬದಲಾಯಿಸುವ ಅಧಿಕಾರ ಎಷ್ಟು ದೊಡ್ಡದೆಂದು ಅವರಿಗೆ ಗೊತ್ತಿತ್ತು. ಪಾಸ್‌ವರ್ಡ್ ಮಾತ್ರ ಇದ್ದರೆ ಅದು ಕೈಯಿಂದ ಕೈಗೆ ಹೋಗುತ್ತದೆಂದು ತಾಲ್ಲೂಕು ಕೇಂದ್ರಗಳ ಸಿಬ್ಬಂದಿಯ ಲಾಗಿನ್ನಿಗೆ ಬೆರಳಚ್ಚನ್ನು ಸೇರಿಸಿದರು. ಯಾವ ಬದಲಾವಣೆಗೆ ಯಾರು ಒಪ್ಪಿಗೆ ಕೊಟ್ಟರೆಂಬ ದಾಖಲೆ ಆಮೇಲೆ ಅಲ್ಲಗಳೆಯಲಾಗದಂತೆ ಉಳಿಯಿತು.

ಮಾತು ಮುಗಿಸುವ ಮೊದಲು, ಆ ಫೋನ್ ಕರೆ ಬಂದಾಗ ನೀವು ಏನು ಹೇಳಬೇಕು ಎಂಬುದು. ಹೊಸದಾಗಿ ಸೇರಿದವರು ಮೇಲಧಿಕಾರಿಗೆ ಆಗುವುದಿಲ್ಲ ಎನ್ನುವುದು ಸುಲಭವಲ್ಲ, ನಾನದನ್ನು ಬಲ್ಲೆ. ಹಾಗೆ ಹೇಳಬೇಕಾಗಿಯೂ ಇಲ್ಲ. "ಸರ್, ಪಾಸ್‌ವರ್ಡ್ ಬೇಡ. ಹೆಲ್ಪ್‌ಡೆಸ್ಕಿಗೆ ನಿಮ್ಮ ಮೊಬೈಲಿನಿಂದ ಒಂದು ಮೇಲ್ ಹಾಕಿ, ನಿಮ್ಮ ಪೆಟ್ಟಿಗೆಗೆ ನನ್ನ ಹೆಸರಿನಲ್ಲಿ ಇಷ್ಟು ದಿನಕ್ಕೆ ಅವಕಾಶ ಕೊಡಲಿ, ಆದೊಡನೆ ಕಳಿಸುತ್ತೇನೆ" ಎನ್ನಿ. ಆ ಒಂದು ಪತ್ರವಷ್ಟೇ ತುರ್ತಾಗಿದ್ದರೆ ಅವರು ಅದನ್ನು ಫೋನಿನಿಂದ ನಿಮಗೆ ಫಾರ್ವರ್ಡ್ ಮಾಡಲಿ, ನೀವು ನಿಮ್ಮ ಹೆಸರಿನಲ್ಲಿ, ಅವರ ಸೂಚನೆಯ ಮೇರೆಗೆ ಎಂದು ಬರೆದು, ಅವರಿಗೂ ಪ್ರತಿ ಹಾಕಿ ಕಳಿಸಿ. ಅದಕ್ಕೆ ಯಾವ ಏರ್ಪಾಡೂ ಬೇಕಿಲ್ಲ. ನೀವು ಕೇಳದೆಯೇ ಯಾರಾದರೂ ತಮ್ಮ ಪಾಸ್‌ವರ್ಡ್ ಹೇಳಿಬಿಟ್ಟರೆ ಅದನ್ನು ಬಳಸಬೇಡಿ. ಬದಲಿಸಿಕೊಳ್ಳುವಂತೆ ಅವರಿಗೆ ಹೇಳಿ, ಹೆಲ್ಪ್‌ಡೆಸ್ಕಿಗೂ ಎರಡು ಸಾಲು ಬರೆದಿಡಿ. ಅದು ಚಾಡಿ ಹೇಳಿದಂತಲ್ಲ, ನಾಳೆ ಏನಾದರೂ ಆದರೆ ನಿಮ್ಮ ಪರವಾಗಿ ನಿಲ್ಲುವ ದಾಖಲೆ ಅದೊಂದೇ.

ಈಗ ನಿಮ್ಮ ಮುಂದಿರುವ ಯಂತ್ರದಲ್ಲಿ ಲಾಗಿನ್ ಆಗಿ ತಾತ್ಕಾಲಿಕ ಪಾಸ್‌ವರ್ಡನ್ನು ಬದಲಿಸಿ. ಅದು ಅಚ್ಚಾಗಿದ್ದ ಚೀಟಿಯನ್ನು ಹರಿದುಹಾಕಿ. ಯಾರ ಪೆಟ್ಟಿಗೆಯನ್ನು ನೋಡುವ ಕೆಲಸ ನಿಮಗೆ ಹಂಚಿದ್ದಾರೋ ಅವರ ಹೆಸರು, ಯಾವ ಫೋಲ್ಡರ್, ಯಾವ ಮಟ್ಟ, ಯಾವ ದಿನಾಂಕದವರೆಗೆ ಎಂಬುದನ್ನು ಕೋರಿಕೆ ನಮೂನೆಯಲ್ಲಿ ತುಂಬಿ, ಆ ಅಧಿಕಾರಿಯ ಒಪ್ಪಿಗೆಯೊಂದಿಗೆ ಇವತ್ತೇ ಹೆಲ್ಪ್‌ಡೆಸ್ಕಿಗೆ ತಲುಪಿಸಿ.